ಪಾವತಿಯ ಕೋಷ್ಟಕದಿಂದ ಹಿಂದಕ್ಕೆ ಓದುವುದು

ಸಾಫ್ಟ್‌ವೇರ್ ಪ್ರಾಜೆಕ್ಟಿನ ಕೆಲಸ, ಗಡುವು, ಪಾವತಿಗಳನ್ನು ವಿವರಿಸುವ ಒಪ್ಪಂದವಾದ ಸ್ಟೇಟ್‌ಮೆಂಟ್ ಆಫ್ ವರ್ಕ್ ಕೈಗೆ ಬಂದಾಗ ಹೆಚ್ಚಿನವರು ಮೊದಲ ಪುಟದಿಂದ ಓದುತ್ತಾ ಕಂಡ, ಗ್ರಾಹಕರಿಗೆ ಒಪ್ಪಿಸಬೇಕಾದ ಡೆಲಿವರಬಲ್‌ಗಳನ್ನೆಲ್ಲ ಮೈಲ್‌ಸ್ಟೋನ್ ಶೀಟಿಗೆ ಇಳಿಸುತ್ತಾರೆ. ಪಟ್ಟಿ ಉದ್ದವಾಗುತ್ತದೆ, ಆದರೆ ಯಾವುದಕ್ಕೆ ಹಣ ಬರುತ್ತದೆ ಎಂಬುದು ತಿಳಿಯುವುದಿಲ್ಲ. ಪಾವತಿಯ ಕೋಷ್ಟಕದಿಂದ ಹಿಂದಕ್ಕೆ ಓದುವುದೇ ಸರಿಯಾದ ದಾರಿ. ಯಾವ ಘಟನೆಯಾದರೆ ಈ ಕಂತು ಬರುತ್ತದೆ? ಅದು ನಡೆದದ್ದಕ್ಕೆ ಯಾವ ಕಾಗದ ಸಾಕ್ಷಿ? ಆ ಕಾಗದಕ್ಕೆ ಸಹಿ ಬೀಳಲು ಷರತ್ತೇನು? ಷರತ್ತು ಯಾವ ಡೆಲಿವರಬಲ್‌ನದು? ಪ್ರತಿ ಉತ್ತರದ ಪಕ್ಕದಲ್ಲಿ ಕಲಮಿನ ಸಂಖ್ಯೆಯನ್ನೂ ಒಪ್ಪಂದದ ಮೂಲ ವಾಕ್ಯವನ್ನೂ ಹಾಗೇ ಬರೆಯಬೇಕು. ಸಂಕ್ಷೇಪಿಸಲು ಹೋದರೆ ‘ತೀವ್ರತೆ 1 ಮತ್ತು 2ರ ದೋಷಗಳು ಬಾಕಿ ಇರಬಾರದು’ ಎಂಬುದು ‘ದೋಷ ಇರಬಾರದು’ ಎಂದಾಗುತ್ತದೆ. ಆಮೇಲೆ ಒಂದು ಅಕ್ಷರದೋಷಕ್ಕೂ ಸಹಿ ನಿಲ್ಲುತ್ತದೆ.

ಬೆಂಗಳೂರಿನ ಕಂಪನಿಯೊಂದು ದೆಹಲಿಯ ಗ್ರಾಹಕರಿಗೆ 40 ಲಕ್ಷ ರೂಪಾಯಿಯ ಪೋರ್ಟಲ್ ಮಾಡಿಕೊಡುತ್ತಿದೆ ಎಂದುಕೊಳ್ಳಿ. ಕೋಷ್ಟಕದಲ್ಲಿ ‘ಯುಎಟಿ ಮುಗಿದಾಗ ಶೇ 30’ ಎಂದಿದೆ, ಅಂದರೆ 12 ಲಕ್ಷ. ಯುಎಟಿ ಎಂದರೆ ಗ್ರಾಹಕರೇ ಬಳಸಿ ನೋಡುವ ಪರೀಕ್ಷೆ; ಅದು ಮುಗಿಯುವುದೆಂದರೆ ಏನೆಂದು ಕೋಷ್ಟಕದಲ್ಲಿಲ್ಲ. ಅದು ಹಲವು ಪುಟಗಳಾಚೆ, ಸ್ವೀಕೃತಿಯ ಕಲಮಿನಲ್ಲಿದೆ: ಒಪ್ಪಿಸಿದ ಮೇಲೆ 10 ಕೆಲಸದ ದಿನಗಳೊಳಗೆ ಗ್ರಾಹಕರು ಲಿಖಿತವಾಗಿ ತಿರಸ್ಕರಿಸದಿದ್ದರೆ ಸ್ವೀಕರಿಸಿದಂತೆ. 2025ರ ಮಾರ್ಚ್ 3, ಸೋಮವಾರ ಒಪ್ಪಿಸಿದರೆ ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಗಡುವು 17ಕ್ಕೆ ಮುಗಿಯುತ್ತದೆ. ಆದರೆ 14ರ ಶುಕ್ರವಾರ ಹೋಳಿ. ಗ್ರಾಹಕರ ಕಚೇರಿಗೆ ಅಂದು ರಜೆಯಿದ್ದು, ಒಪ್ಪಂದ ಅವರ ರಜಾಪಟ್ಟಿಯನ್ನೇ ಹಿಡಿದರೆ ಗಡುವು 18. ಯಾರ ರಜಾಪಟ್ಟಿ ಎಂದು ಒಪ್ಪಂದ ಹೇಳದಿದ್ದರೆ ಸಹಿಗೆ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಶೀಟಿನಲ್ಲಿ ಲೆಕ್ಕ ಹೀಗೆ:

```
=WORKDAY(D5, F5, Holidays)
```

`D5` ಒಪ್ಪಿಸಿದ ದಿನ, `F5` ಪರಿಶೀಲನೆಯ ದಿನಗಳು, `Holidays` ರಜೆಗಳ ಪಟ್ಟಿ. ಶನಿವಾರವೂ ಕೆಲಸವಿದ್ದರೆ `WORKDAY.INTL` ಬಳಸಬೇಕು. ಎಂಟನೇ ದಿನ ತಿರಸ್ಕರಿಸಿದರೆ, ತಿದ್ದಿ ಕೊಟ್ಟ ಮೇಲೆ ಮತ್ತೆ 10 ದಿನವೋ ಐದೋ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಅದಕ್ಕೆ ಬೇರೆ ಕಾಲಂ ಬೇಕು.

ಹಿಂದಕ್ಕೆ ಓದಿ ಮುಗಿದ ಮೇಲೆ ಒಮ್ಮೆ ಮುಂದಕ್ಕೂ ಓದಿ. ಯಾವ ಕಂತಿಗೂ ಸೇರದೆ ಉಳಿದ ಡೆಲಿವರಬಲ್‌ಗಳು ಆಗ ಸಿಗುತ್ತವೆ. ನಮ್ಮ ಪೋರ್ಟಲ್‌ನಲ್ಲಿ ಅದು ತರಬೇತಿ ಕೈಪಿಡಿ: ಕೆಲಸದ ವ್ಯಾಪ್ತಿಯಲ್ಲಿ ಒಂದೇ ಸಾಲು, ಸ್ವೀಕೃತಿಗೆ ಮಾನದಂಡವಿಲ್ಲ, ನೋಡುವವರು ಯಾರೆಂದಿಲ್ಲ. ಆದರೆ ಕೊನೆಯ ಶೇ 10, ಅಂದರೆ 4 ಲಕ್ಷ, ‘ಎಲ್ಲ ಡೆಲಿವರಬಲ್‌ಗಳ ಸ್ವೀಕೃತಿಯ ಮೇಲೆ’. ಒಪ್ಪುವವರು ಯಾರೆಂದೇ ಗೊತ್ತಿಲ್ಲದ ಕೈಪಿಡಿಯೊಂದು ಆ ಹಣವನ್ನು ತಿಂಗಳುಗಟ್ಟಲೆ ಹಿಡಿದಿಡಬಲ್ಲದು. ಪುಟಗಳೆಷ್ಟು, ಯಾವ ಭಾಷೆಯಲ್ಲಿ, ಒಪ್ಪುವವರು ಯಾವ ಹುದ್ದೆಯವರು ಎಂಬುದನ್ನು ಒಪ್ಪಂದಕ್ಕೆ ತಿದ್ದುಪಡಿ ಕೇಳುವ ಚೇಂಜ್ ರಿಕ್ವೆಸ್ಟ್ ಮೂಲಕ ಸೇರಿಸಿದರೆ ಸಾಕು.

ಶೀಟಿನ ಘಟನೆಯ ದಿನಾಂಕ ಅಕೌಂಟ್ಸ್ ವಿಭಾಗಕ್ಕೂ ಬೇಕು. ಮೂರು ತಿಂಗಳಿಗೂ ಮೀರಿ ನಡೆಯುವ, ಕಂತಿನ ಪಾವತಿಯ ಸೇವೆಯಲ್ಲಿ ಹಣ ಒಂದು ಘಟನೆಗೆ ಕಟ್ಟಿದ್ದರೆ, ಸಿಜಿಎಸ್‌ಟಿ ಕಾಯ್ದೆಯ 31(5)ನೇ ಕಲಮಿನಂತೆ ಆ ಘಟನೆ ಪೂರ್ಣಗೊಂಡ ದಿನ ಅಥವಾ ಅದಕ್ಕೂ ಮೊದಲೇ ಇನ್‌ವಾಯ್ಸ್ ಹೊರಡಬೇಕು.