ಅಕ್ಷತೆ ಹೊತ್ತಿಗೆ ಬ್ಯಾಟರಿ ಉಳಿಯಬೇಕಾದರೆ

ಮೇ ತಿಂಗಳು, ಸೇಡಂ ಕಡೆಯ ಒಂದು ಹಳ್ಳಿ, ಮದುವೆ ಶೂಟಿಂಗ್. ಮುಂಜಾನೆ ಆರಕ್ಕೆ ಅರಿಶಿಣದಿಂದ ಶುರು, ಅಕ್ಷತೆ 12:35ಕ್ಕೆ. ಎಂಟೂವರೆಗೆ ಮನೆಯ ಹುಡುಗ ಬಂದು, "ಸರ್, ಲೈಟ್ ಹೋಗ್ಯಾದ್ರಿ. ಎಷ್ಟೊತ್ತಿಗಿ ಬರ್ತದೋ ಗೊತ್ತಿಲ್ರಿ" ಎಂದ. ಸಂಜೆ ನಾಲ್ಕರವರೆಗೂ ಬರಲಿಲ್ಲ. ಆ ದಿನದ ಕೆಲಸ ನಿಲ್ಲಲಿಲ್ಲ. ಆದರೆ ಅದಕ್ಕೂ ಎರಡು ವರ್ಷ ಮುಂಚೆ ಇಂಥದ್ದೇ ಮದುವೆಯಲ್ಲಿ ಸುರಗಿ ಸುತ್ತುವಾಗ ನನ್ನ ಎರಡನೇ ಕ್ಯಾಮೆರಾ ಆಫ್ ಆಗಿತ್ತು. ಎರಡೂ ಸಲ ಬ್ಯಾಟರಿ ಇದ್ದದ್ದು ಎಂಟೇ, ಪವರ್ ಬ್ಯಾಂಕೂ ಅವೇ. ಬದಲಾದದ್ದು ಚಾರ್ಜಿಗೆ ಹಾಕಿದ ಹೊತ್ತು.

ಮೊದಲು ಲೆಕ್ಕ. ಪವರ್ ಬ್ಯಾಂಕ್ ಮೇಲೆ 20000 ಎಂಎಎಚ್ ಎಂದು ಬರೆದಿರುತ್ತದೆ. ಅದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ. ಕ್ಯಾಮೆರಾ ಬ್ಯಾಟರಿ 7.2 ವೋಲ್ಟ್. ಹಾಗಾಗಿ ಎಂಎಎಚ್‌ಗೆ ಎಂಎಎಚ್ ಹೋಲಿಸಿದರೆ ಮೋಸ ಹೋಗುತ್ತೀರಿ. ಎಲ್ಲವನ್ನೂ ವ್ಯಾಟ್-ಅವರ್‌ಗೆ ತನ್ನಿ. 20000 ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗಿ, ಕೇಬಲ್‌ನಿಂದ ಹೊರಗೆ ಸಿಗುವುದು ಸುಮಾರು 60. ಚಾರ್ಜರ್ ಇನ್ನೊಂದಿಷ್ಟು ತಿನ್ನುತ್ತದೆ. ನನ್ನ ಕ್ಯಾಮೆರಾ ಬ್ಯಾಟರಿ ಒಂದೊಂದೂ 16 ವ್ಯಾಟ್-ಅವರ್. ಅಂದರೆ ಒಂದು ಪವರ್ ಬ್ಯಾಂಕ್ ಮೂರು ಬ್ಯಾಟರಿ ತುಂಬುತ್ತದೆ, ನಾಲ್ಕನೆಯದು ತುಂಬುವುದಿಲ್ಲ.

ಮೂರು ಬ್ಯಾಟರಿ ಸಾಕಪ್ಪ ಎನಿಸುತ್ತದೆ, ಅಲ್ವಾ? ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಎರಡು ಬ್ಯಾಟರಿ ಕೂರುವ ಯುಎಸ್‌ಬಿ ಚಾರ್ಜರ್ ಸಾಮಾನ್ಯವಾಗಿ ತೆಗೆದುಕೊಳ್ಳುವುದು 10 ವ್ಯಾಟ್, ಅಂದರೆ 5 ವೋಲ್ಟ್ 2 ಆಂಪ್. ಆ ವೇಗದಲ್ಲಿ ಎರಡು ಬ್ಯಾಟರಿ ತುಂಬಲು ಹತ್ತಿರ ಹತ್ತಿರ ನಾಲ್ಕು ಗಂಟೆ, ಮೂರಕ್ಕೆ ಆರು ಗಂಟೆ ಬೇಕು. ಪವರ್ ಬ್ಯಾಂಕಿನಲ್ಲಿ ಕರೆಂಟ್ ಇದೆ, ನಿಮ್ಮ ಹತ್ತಿರ ಹೊತ್ತಿಲ್ಲ. ಸುರಗಿ ತಪ್ಪಿಸಿಕೊಂಡ ಆ ದಿನ ನಾನು ಮಾಡಿದ್ದು ಇದೇ. ಮೂರು ಬ್ಯಾಟರಿ ಖಾಲಿಯಾಗಲಿ, ಒಟ್ಟಿಗೆ ಹಾಕೋಣ ಅಂತ ಕಾದೆ. ಹನ್ನೊಂದಕ್ಕೆ ಹಾಕಿದ್ದು ಸುರಗಿಗಿರಲಿ, ಅಕ್ಷತೆ ಹೊತ್ತಿಗೂ ಅರ್ಧ ತುಂಬಿರಲಿಲ್ಲ.

ಈಗ ನನ್ನ ಪದ್ಧತಿ ಬೇರೆ. ಮೊದಲ ಬ್ಯಾಟರಿ ಇಳಿಸಿದ ನಿಮಿಷದಲ್ಲೇ ಅದು ಚಾರ್ಜರ್‌ಗೆ ಹೋಗುತ್ತದೆ. ಮನೆಯಲ್ಲಿ ಕರೆಂಟ್ ಇದ್ದರೂ ಹೋಗುತ್ತದೆ, ಆಗ ಗೋಡೆಯ ಪ್ಲಗ್‌ಗೆ. ಸೇಡಂ ಕಡೆಯ ಆ ಮದುವೆಯಲ್ಲಿ ಒಂದನೇ ನಂಬರ್ ಬ್ಯಾಟರಿ ಎಂಟಕ್ಕೆ ಇಳಿಯಿತು, ಎಂಟೂವರೆವರೆಗೆ ಪ್ಲಗ್‌ನಲ್ಲಿತ್ತು, ಲೈಟ್ ಹೋದ ಮೇಲೆ ಪವರ್ ಬ್ಯಾಂಕ್‌ಗೆ ಬದಲಾಯಿಸಿದೆವು. ಹತ್ತು ದಾಟುವಷ್ಟರಲ್ಲಿ ಮತ್ತೆ ತುಂಬಿತ್ತು. ಅಕ್ಷತೆಗೆ ಎರಡೂ ಕ್ಯಾಮೆರಾಗಳಿಗೆ ಹೊಸದಾಗಿ ತುಂಬಿದ ಬ್ಯಾಟರಿ ಹಾಕಿ, ಜೇಬಿನಲ್ಲಿ ಇನ್ನೂ ಎರಡು ಇಟ್ಟುಕೊಂಡಿದ್ದೆವು. ಇದ್ದ ಬ್ಯಾಟರಿ ಇನ್ನೂ 40 ಪರ್ಸೆಂಟ್ ತೋರಿಸುತ್ತಿದ್ದರೂ ಬದಲಾಯಿಸಿದೆವು. ಮುಹೂರ್ತ ನಮಗಾಗಿ ಕಾಯುವುದಿಲ್ಲ.

ತುಂಬಿದ್ದು ಯಾವುದು, ಖಾಲಿ ಯಾವುದು ಎಂಬ ಗೊಂದಲಕ್ಕೆ ಒಂದು ರಬ್ಬರ್ ಬ್ಯಾಂಡ್ ಸಾಕು. ತುಂಬಿದ ಬ್ಯಾಟರಿಗೆ ಬ್ಯಾಂಡ್ ಇರುತ್ತದೆ. ಕ್ಯಾಮೆರಾಗೆ ಹಾಕುವಾಗ ಬಿಚ್ಚಿ ಮುಂಗೈಗೆ ಹಾಕಿಕೊಳ್ಳುತ್ತೇವೆ. ಬ್ಯಾಂಡ್ ಇಲ್ಲದ್ದು ಎಂದರೆ ಬಳಸಿದ್ದು, ಅಷ್ಟೇ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಜೊತೆಗೆ ಮಾರ್ಕರ್‌ನಲ್ಲಿ 1ರಿಂದ 8 ನಂಬರ್. ನಂಬರ್ ಇದ್ದರೆ ಯಾವ ಬ್ಯಾಟರಿ ಬೇಗ ಸೋಲುತ್ತಿದೆ ಎಂದು ತಿಂಗಳಲ್ಲೇ ತಿಳಿಯುತ್ತದೆ. ಕ್ಯಾಮೆರಾದಿಂದ ತೆಗೆಯುವಾಗ ಬಿಗಿಯಾಗಿ ಸಿಕ್ಕಿಕೊಳ್ಳುವ ಬ್ಯಾಟರಿ ಉಬ್ಬಲು ಶುರುವಾಗಿದೆ. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ನಮ್ಮ ಕಡೆಯ ಬಿಸಿಲಿಗೆ ಒಂದು ಮಾತು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಕಲಬುರಗಿ, ಯಾದಗಿರಿಯಲ್ಲಿ ಮೇ ತಿಂಗಳ ನೆರಳೇ 42 ಮುಟ್ಟುತ್ತದೆ, ಇನ್ನು ನಿಲ್ಲಿಸಿದ ಕಾರಿನ ಒಳಗೆ ಹೇಗಿರಬೇಕು! ಹಂದರದ ತಗಡಿನ ಕೆಳಗೂ ಬೇಡ. ನಾವು ಮನೆಯ ಒಳಕೋಣೆಯ ಹಾಸುಗಲ್ಲಿನ ಮೇಲೆ ಚಾರ್ಜರ್ ಇಡುತ್ತೇವೆ. ಶಹಾಬಾದ್ ಕಲ್ಲು ತಣ್ಣಗಿರುತ್ತದೆ. ಬ್ಯಾಟರಿ ಮುಟ್ಟಿದರೆ ಕೈ ಸುಡುವಂತಿದ್ದರೆ ಪೂರ್ತಿ ಆರಲು ಬಿಟ್ಟು ಆಮೇಲೆ ಹಾಕಿ.

ಇನ್ನೊಂದು ಸಣ್ಣ ತೊಡಕು. ವೈರ್‌ಲೆಸ್ ಮೈಕ್ ರಿಸೀವರ್‌ನಂಥ ಕಡಿಮೆ ಕರೆಂಟ್ ಎಳೆಯುವ ವಸ್ತುವನ್ನು ಪವರ್ ಬ್ಯಾಂಕ್‌ಗೆ ಸಿಕ್ಕಿಸಿದರೆ, ಯಾರೂ ಬಳಸುತ್ತಿಲ್ಲ ಎಂದುಕೊಂಡು ಪವರ್ ಬ್ಯಾಂಕ್ ಸ್ವಲ್ಪ ಹೊತ್ತಿಗೇ ಆಫ್ ಆಗುತ್ತದೆ. ಕೆಲವದರಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತದೆ. ಇಲ್ಲದಿದ್ದರೆ ಅದೇ ಪವರ್ ಬ್ಯಾಂಕಿನ ಇನ್ನೊಂದು ಪೋರ್ಟ್‌ಗೆ ಬ್ಯಾಟರಿ ಚಾರ್ಜರ್ ಸಿಕ್ಕಿಸಿ, ಆಗ ಆಫ್ ಆಗುವುದಿಲ್ಲ.

ರಾತ್ರಿ ಕಾಪಿ ಕೆಲಸ. ನನ್ನ ಎರಡನೇ ಪವರ್ ಬ್ಯಾಂಕ್ ಲ್ಯಾಪ್‌ಟಾಪ್‌ಗಾಗಿ ಮೀಸಲು. ಅದು 65 ವ್ಯಾಟ್ ಪಿಡಿ ಇರುವಂಥದ್ದು, ಅಂದರೆ ಲ್ಯಾಪ್‌ಟಾಪ್‌ಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವಂಥದ್ದು; ಸಾಮಾನ್ಯ ಪವರ್ ಬ್ಯಾಂಕ್ ಲ್ಯಾಪ್‌ಟಾಪ್ ಹೊರುವುದಿಲ್ಲ. 128 ಜಿಬಿ ಕಾರ್ಡ್ ಒಂದು ಒಳ್ಳೆಯ ರೀಡರ್‌ನಲ್ಲಿ ಅರ್ಧ ಗಂಟೆಯೊಳಗೆ ಕಾಪಿಯಾಗುತ್ತದೆ. ಬೇರೆ ಕರೆಂಟ್ ಬೇಡದ ಎರಡು ಎಸ್‌ಎಸ್‌ಡಿಗೆ ಹಾಕುತ್ತೇವೆ. ಗೋಡೆಯ ಪ್ಲಗ್ ಬೇಡುವ ದೊಡ್ಡ ಹಾರ್ಡ್‌ಡಿಸ್ಕ್‌ಗೆ ಹಾಕುವುದಿಲ್ಲ. ಕಾಪಿ ನಡುವೆ ಅದರ ಕರೆಂಟ್ ಹೋದರೆ ಆ ಫೈಲು ಮಾತ್ರವಲ್ಲ, ಯಾವ ಫೈಲು ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕವೇ ಕೆಡಬಹುದು.

ಎಡಿಟಿಂಗ್ ದಿನ ನಾನು ಕೆಲಸವನ್ನು ಎರಡಾಗಿ ಒಡೆಯುತ್ತೇನೆ: ನಡುವೆ ನಿಂತರೆ ಕೆಡುವ ಕೆಲಸ, ನಿಂತರೂ ಕೆಡದ ಕೆಲಸ. ರೆಂಡರ್ ಮೊದಲನೆಯದು. ಎಂಪಿ4 ಫೈಲಿನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. 90 ಪರ್ಸೆಂಟ್‌ಗೆ ಮಷಿನ್ ಆಫ್ ಆದರೆ ಸಿಗುವ ಫೈಲು ತೆರೆಯುವುದೇ ಇಲ್ಲ. ಅದಕ್ಕೆ ಒಂದು ಗಂಟೆಯ ಮದುವೆ ವಿಡಿಯೊವನ್ನು ಹತ್ತು ಹತ್ತು ನಿಮಿಷದ ತುಂಡಾಗಿ ರೆಂಡರ್ ಮಾಡುತ್ತೇನೆ. ಹೋದರೆ ಒಂದು ತುಂಡು ಹೋಗುತ್ತದೆ. ಡೆಸ್ಕ್‌ಟಾಪ್ ಇರುವವರು ಸಣ್ಣ ಯುಪಿಎಸ್ ನಂಬಿ ರೆಂಡರ್ ಹಚ್ಚಬೇಡಿ. 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್ 7 ಎಎಚ್ ಬ್ಯಾಟರಿ. ಸೇವ್ ಮಾಡಿ ಆಫ್ ಮಾಡಲು ಅದು ಸಾಕು, ಅದಕ್ಕಿಂತ ಜಾಸ್ತಿ ಕೇಳಬಾರದು.

ಕ್ಲಿಪ್ ಆರಿಸುವುದು, ಕತ್ತರಿಸುವುದು, ಧ್ವನಿ ಸರಿಮಾಡುವುದು ಎರಡನೆಯ ಗುಂಪು. ಆದರೆ ಮೂಲ 4ಕೆ ಫೈಲಿನ ಮೇಲೆ ಕತ್ತರಿಸಿದರೆ ನನ್ನ ಲ್ಯಾಪ್‌ಟಾಪ್ 60 ವ್ಯಾಟ್ ದಾಟುತ್ತದೆ. ಅದರ 56 ವ್ಯಾಟ್-ಅವರ್ ಬ್ಯಾಟರಿ, ಪವರ್ ಬ್ಯಾಂಕಿನ 60, ಎರಡೂ ಸೇರಿ ಎರಡು ಗಂಟೆಯೂ ಬರುವುದಿಲ್ಲ. ಕರೆಂಟ್ ಇದ್ದಾಗಲೇ ಪ್ರಾಕ್ಸಿ ಫೈಲು, ಅಂದರೆ ಮೂಲದ ಚಿಕ್ಕ ಹಗುರ ನಕಲು, ಮಾಡಿಟ್ಟುಕೊಂಡರೆ 30 ವ್ಯಾಟ್ ಸುತ್ತ ನಿಲ್ಲುತ್ತದೆ, ಮೂರೂವರೆ ಗಂಟೆ ಕೆಲಸ ಸಾಗುತ್ತದೆ. ಡಾವಿಂಚಿ ರಿಸಾಲ್ವ್ ಬಳಸುವವರು Project Save and Load ಒಳಗೆ Live Save ಆನ್ ಇದೆಯಾ ನೋಡಿಕೊಳ್ಳಿ.

ಲೈಟ್ ಹೋದರೆ ವೈಫೈಯೂ ಹೋಗುತ್ತದೆ. ಹಿಂದಿನ ರಾತ್ರಿಯೇ ಹಾಡು, ಕನ್ನಡ ಫಾಂಟ್, ಲಗ್ನಪತ್ರಿಕೆಯ ಫೋಟೊ ಲ್ಯಾಪ್‌ಟಾಪ್‌ನಲ್ಲಿ ಇಳಿಸಿರಬೇಕು. ಲಗ್ನಪತ್ರಿಕೆ ಯಾಕೆ ಎಂದರೆ, ಬೀಗರ ಹೆಸರು ಸರಿಯಾಗಿ ಬರೆಯಲು ಆ ಹೊತ್ತಿನಲ್ಲಿ ಯಾರಿಗೂ ಫೋನ್ ಮಾಡಬೇಕಾಗುವುದಿಲ್ಲ.

ಆ ಮದುವೆಯ ಎಡಿಟ್ ದಿನವೂ ಹತ್ತಕ್ಕೆ ಲೈಟ್ ಹೋಗಿ ಎರಡಕ್ಕೆ ಬಂತು. ಅಷ್ಟರಲ್ಲಿ ಅರಿಶಿಣ, ಸುರಗಿ ಎರಡರ ಕತ್ತರಿಕೆ ಮುಗಿದಿತ್ತು. ಲೈಟ್ ಬಂದ ತಕ್ಷಣ ಮೊದಲು ಪ್ಲಗ್‌ಗೆ ಹಾಕಿದ್ದು ಪವರ್ ಬ್ಯಾಂಕ್. 18 ವ್ಯಾಟ್‌ನಲ್ಲಿ ಅದು ತುಂಬಲು ಐದು ಗಂಟೆ ಹಿಡಿಯುತ್ತದೆ, ಆಕಾಶದಲ್ಲಿ ಆಗಲೇ ಮೋಡ ಕಟ್ಟುತ್ತಿತ್ತು. ಆಮೇಲೆ ಮೊದಲ ಹತ್ತು ನಿಮಿಷದ ತುಂಡನ್ನು ರೆಂಡರ್‌ಗೆ ಹಚ್ಚಿದೆ.