ಹದಿಮೂರು ಅಂಕಿಯ ಸಮಯ: ಸೆಕೆಂಡೋ, ಮಿಲಿಸೆಕೆಂಡೋ?

ಪ್ರಶ್ನೆ: ಹಳೇ ಫೋನಿನ ಮೆಸೇಜುಗಳನ್ನೆಲ್ಲ ಬ್ಯಾಕಪ್ ಮಾಡಿ ಎಕ್ಸೆಲ್‌ನಲ್ಲಿ ತೆರೆದೆ. ಅಡಿಕೆ ಮಾರಿದ ದುಡ್ಡು ಯಾವತ್ತು ಬಂತು ಅಂತ ನೋಡಬೇಕಿತ್ತು. ತಾರೀಕಿನ ಜಾಗದಲ್ಲಿ 1718253000000 ಅಂತಿದೆ. ಇದನ್ನು ಓದುವುದು ಹೇಗೆ? (ಪೆರ್ಲದಿಂದ ಒಬ್ಬ ಓದುಗರು)

ಇದು 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಣಿಸಿಕೊಂಡು ಬಂದ ಸಮಯ. ಆ ಮಧ್ಯರಾತ್ರಿ ನಮ್ಮದಲ್ಲ, ಯುಟಿಸಿ ಅನ್ನುವ ಜಾಗತಿಕ ಸಮಯದ್ದು; ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಕೆಲವು ಕಡೆ ಸೆಕೆಂಡುಗಳಲ್ಲಿ ಎಣಿಸುತ್ತಾರೆ, ಕೆಲವು ಕಡೆ ಮಿಲಿಸೆಕೆಂಡುಗಳಲ್ಲಿ. ಈಗಿನ ಕಾಲದ ತಾರೀಕಾದರೆ ಸೆಕೆಂಡಿಗೆ 10 ಅಂಕಿ, ಮಿಲಿಸೆಕೆಂಡಿಗೆ 13. ನಿಮ್ಮದರಲ್ಲಿ 13 ಇದೆ, ಹಾಗಾಗಿ ಮಿಲಿಸೆಕೆಂಡು.

ಅಂಕಿ ಎಣಿಸಿದರೂ ಅನುಮಾನ ಇದ್ದರೆ ಎರಡೂ ರೀತಿ ಲೆಕ್ಕ ಹಾಕಿ ನೋಡಿ. ತಪ್ಪು ತಾನಾಗಿ ಬಾಯಿ ಬಿಡುತ್ತದೆ. ಇದನ್ನೇ ಸೆಕೆಂಡು ಅಂದುಕೊಂಡರೆ 56419ನೇ ಇಸವಿ ಬರುತ್ತದೆ! ಎಕ್ಸೆಲ್‌ಗೆ ಅಷ್ಟು ದೂರದ ತಾರೀಕು ಗೊತ್ತಿಲ್ಲ, ಸುಮ್ನೆ ##### ತೋರಿಸುತ್ತದೆ. ಉಲ್ಟಾ, 10 ಅಂಕಿಯ 1718253000 ಅನ್ನು ಮಿಲಿಸೆಕೆಂಡು ಅಂದುಕೊಂಡರೆ 1970ರ ಜನವರಿ 20ಕ್ಕೆ ಹೋಗಿ ನಿಲ್ಲುತ್ತದೆ. ಎಲ್ಲ ಸಾಲುಗಳೂ ಆ ಜನವರಿಯಲ್ಲೇ ಗುಂಪುಗೂಡಿದ್ದರೆ ಸಾವಿರದಿಂದ ಜಾಸ್ತಿ ಭಾಗಿಸಿದ್ದೀರಿ ಅಂತಲೇ ಅರ್ಥ.

ಸಂಖ್ಯೆ A2ನಲ್ಲಿದ್ದರೆ ಹೀಗೆ ಬರೆಯಿರಿ:

```
=A2/86400000+25569+5.5/24
```

86400000 ಅಂದರೆ ಒಂದು ದಿನದ ಮಿಲಿಸೆಕೆಂಡುಗಳು. ಸೆಕೆಂಡಿನ ಲೆಕ್ಕವಾದರೆ 86400 ಹಾಕಿ. 25569 ಎಕ್ಸೆಲ್ ಪ್ರಕಾರ 1970ರ ಜನವರಿ 1. ಕೊನೆಯದ್ದು ನಮ್ಮ ಐದೂವರೆ ಗಂಟೆ. ಉತ್ತರ 45456.41667 ಅಂತ ಬರುತ್ತದೆ. ಸೆಲ್‌ಗೆ ತಾರೀಕು ಮತ್ತು ಸಮಯದ ಫಾರ್ಮ್ಯಾಟ್ ಕೊಟ್ಟರೆ 2024 ಜೂನ್ 13, ಬೆಳಿಗ್ಗೆ 10 ಗಂಟೆ. ಐದೂವರೆ ಗಂಟೆ ಮರೆತರೆ 4:30 ಆಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಯಾವ ಅಡಿಕೆ ಅಂಗಡಿ ತೆಗೆದಿರುತ್ತದೆ, ಅಲ್ವಾ?

ಇನ್ನೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. 13 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ 1.71825E+12 ಅಂತ ತೋರಿಸುತ್ತದೆ. ಒಳಗೆ ಪೂರ್ತಿ ಸಂಖ್ಯೆ ಇರುತ್ತದೆ, ಹಾಗಾಗಿ ಸೂತ್ರ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಕಂಡಷ್ಟೇ ಉಳಿಯುತ್ತದೆ. ನಿಮ್ಮ 10 ಗಂಟೆ 9:10 ಆಗಿಬಿಡುತ್ತದೆ. ಸುಮಾರು ಎರಡು ಮುಕ್ಕಾಲು ಗಂಟೆಯೊಳಗೆ ಬಂದ ಮೆಸೇಜುಗಳಿಗೆಲ್ಲ ಒಂದೇ ಸಮಯ! ಮೊದಲು ಆ ಕಾಲಂಗೆ ದಶಮಾಂಶವಿಲ್ಲದ ನಂಬರ್ ಫಾರ್ಮ್ಯಾಟ್ ಕೊಟ್ಟು, ಆಮೇಲೆ ಸೇವ್ ಮಾಡಿ.

ಅಂಕಿ ಎಣಿಸುವ ಉಪಾಯಕ್ಕೂ ಮಿತಿ ಇದೆ. ಅದು 2001ರ ಸೆಪ್ಟೆಂಬರ್ 9ರಿಂದ ಈಚೆಗೆ ಮಾತ್ರ. 1998ರ ತಾರೀಕು ಮಿಲಿಸೆಕೆಂಡಿನಲ್ಲಿ 12 ಅಂಕಿಯೇ. 1970ಕ್ಕಿಂತ ಮೊದಲು ಹುಟ್ಟಿದವರ ಜನ್ಮದಿನವಾದರೆ ಮುಂದೆ ಮೈನಸ್ ಚಿಹ್ನೆ ಇರುತ್ತದೆ. ಸೂತ್ರ ಅಲ್ಲಿಗೂ ಅದೇ.