ಹಳೆಯ ಹ್ಯಾಂಡಲ್ ಎಷ್ಟು ದಿನ ನಿಮ್ಮದು?

"ಹದಿನಾಲ್ಕು ದಿನ ಕಾಯಬೇಕಂತೆ, ಆಮೇಲೆ ಹಳೆಯ ಹೆಸರು ವಾಪಸ್ ಬರುತ್ತಲ್ಲ?" ಯೂಟ್ಯೂಬ್‌ನಲ್ಲಿ ಹ್ಯಾಂಡಲ್, ಅಂದರೆ @ ಗುರುತಿನಿಂದ ಶುರುವಾಗುವ ಖಾತೆಯ ಹೆಸರು, ಬದಲಿಸಿ ಪಶ್ಚಾತ್ತಾಪ ಪಡುವವರೆಲ್ಲ ಕೇಳುವುದು ಇದನ್ನೇ. ಬರುವುದಿಲ್ಲ ಸ್ವಾಮಿ. ಆ ಹದಿನಾಲ್ಕು ದಿನ ಕಳೆದರೆ ಹೋಗುವ ಸಾಧ್ಯತೆಯೇ ಹೆಚ್ಚು.

ಇಲ್ಲಿ ಗಡುವು ಎರಡು. ನೀವು ಎಷ್ಟು ಸಲ ಬದಲಿಸಬಹುದು ಎಂಬುದು ಒಂದು. ಬಿಟ್ಟ ಹೆಸರನ್ನು ಕಂಪನಿ ನಿಮಗಾಗಿ ಎಷ್ಟು ದಿನ ಎತ್ತಿಡುತ್ತದೆ ಎಂಬುದು ಇನ್ನೊಂದು. ಯೂಟ್ಯೂಬ್‌ನಲ್ಲಿ 14 ದಿನಗಳೊಳಗೆ ಎರಡು ಸಲ ಬದಲಿಸಬಹುದು. ಹಳೆಯ ಹ್ಯಾಂಡಲನ್ನೂ 14 ದಿನವೇ ಎತ್ತಿಡುತ್ತಾರೆ, ಅಷ್ಟು ದಿನ ಹಳೆಯ ಲಿಂಕ್ ಕೂಡ ನಡೆಯುತ್ತದೆ. ಎರಡೂ ಕಡೆ ಒಂದೇ ಅಂಕಿ ಇರುವುದರಿಂದಲೇ ಜನ ಕಲಸಿಕೊಳ್ಳುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಜೂನ್ 1ರಂದು `@hale_hesaru` ಬಿಟ್ಟು ಹೊಸದು ಹಾಕಿದಿರಿ. ಆದರೆ ಅವಸರದಲ್ಲಿ ಒಂದಕ್ಷರ ನುಂಗಿ `@hosa_hesru` ಆಯಿತು. ಜೂನ್ 2ರಂದು ತಿದ್ದಿದಿರಿ. ಅಲ್ಲಿಗೆ ಎರಡೂ ಅವಕಾಶ ಮುಗಿದವು. ಜೂನ್ 5ಕ್ಕೆ ಮನಸ್ಸು ಬದಲಾಗಿ ಹಳೆಯದೇ ಬೇಕೆನಿಸಿದರೆ ದಾರಿಯಿಲ್ಲ. ಮತ್ತೆ ಬದಲಿಸಲು ಅವಕಾಶ ಸಿಗುವುದು ಜೂನ್ 15ರ ಹೊತ್ತಿಗೆ. ಹಳೆಯ ಹೆಸರಿನ ಕಾವಲು ತೆಗೆಯುವುದೂ ಸರಿಸುಮಾರು ಆಗಲೇ. ಆಮೇಲೆ ಅದನ್ನು ಯಾರು ಮೊದಲು ಟೈಪ್ ಮಾಡುತ್ತಾರೋ ಅವರದು. ಆದ್ದರಿಂದ ಎರಡನೆಯ ಬದಲಾವಣೆಯನ್ನು ವಾಪಸಾಗಲು ಮಾತ್ರ ಉಳಿಸಿಕೊಳ್ಳಿ. ಒತ್ತುವ ಮುನ್ನ ಕಾಗುಣಿತವನ್ನು ಇನ್ನೊಬ್ಬರ ಕೈಲಿ ಓದಿಸಿ.

ಎಲ್ಲ ಕಡೆ ಇದೇ ನಿಯಮ ಅಂತಲ್ಲ. ಟ್ವಿಚ್‌ನಲ್ಲಿ 60 ದಿನಕ್ಕೊಮ್ಮೆ ಬದಲಾವಣೆ, ಬಿಟ್ಟ ಹೆಸರು ಕನಿಷ್ಠ ಆರು ತಿಂಗಳು ಯಾರಿಗೂ ಇಲ್ಲ. ಸ್ನ್ಯಾಪ್‌ಚಾಟ್‌ನಲ್ಲಿ ವರ್ಷಕ್ಕೊಮ್ಮೆ, ಬಿಟ್ಟದ್ದು ನಿಮಗೂ ಸಿಗದು. ಗಿಟ್‌ಹಬ್‌ನಲ್ಲಿ ಹೆಸರು ಬಿಟ್ಟ ಮೇಲೆ ಬೇರೆಯವರು ಹಿಡಿಯಬಹುದು. ನಿಯಮಗಳು ಬದಲಾಗುತ್ತಿರುತ್ತವೆ, ಬದಲಿಸುವ ದಿನ ಸಹಾಯ ಪುಟವನ್ನು ಒಮ್ಮೆ ನೋಡಿಕೊಳ್ಳಿ.

ಇನ್ನು ಇನ್‌ಸ್ಟಾಗ್ರಾಮ್. ಬೇಕಾದ ಹೆಸರು ತಮ್ಮದೇ ಎರಡನೇ ಖಾತೆಯಲ್ಲಿದೆ ಎಂದು ಆ ಖಾತೆಯನ್ನೇ ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ! ಅಳಿಸುವಿಕೆಗೆ 30 ದಿನಗಳ ಗಡುವಿರುತ್ತದೆ, ಅದಾದ ಮೇಲೂ ಆ ಹೆಸರು ಬಿಡುಗಡೆಯಾಗುತ್ತದೆಂಬ ಖಾತ್ರಿಯಿಲ್ಲ. ಖಾತೆ ಉಳಿಸಿಕೊಂಡು ಅದರ ಹೆಸರನ್ನಷ್ಟೇ ಬದಲಿಸಿ. ಸಾಮಾನ್ಯವಾಗಿ 14 ದಿನ ಆ ಹೆಸರು ಅದೇ ಖಾತೆಗೆ ಮೀಸಲಿರುತ್ತದೆ. ಹಾಗಾಗಿ ಇನ್ನೊಂದು ಖಾತೆಯಲ್ಲಿ ತಕ್ಷಣ ಸಿಗದಿದ್ದರೆ ಗಾಬರಿಯಾಗದೆ ಗಡುವು ಮುಗಿಯುವ ಹೊತ್ತಿಗೆ ಮತ್ತೆ ಪ್ರಯತ್ನಿಸಿ.

ಬೇರೆಯವರು ಹಿಡಿದಿದ್ದರೆ? ಖಾತೆ ವರ್ಷಗಟ್ಟಲೆ ಮಲಗಿದ್ದರೂ ಅದು ಅವರದೇ. ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದು, ಆ ಹೆಸರಿನಿಂದ ಜನ ಮೋಸಹೋಗುವಂತಿದ್ದರೆ ದೂರು ಕೊಡಬಹುದು. ಹೆಸರು ಒಂದೇ ಎಂಬುದಷ್ಟೇ ಸಾಲದು. ದುಡ್ಡು ಕೊಟ್ಟರೆ ಬಿಡಿಸಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಹೆಸರಿನ ಮಾರಾಟವನ್ನು ಇನ್‌ಸ್ಟಾಗ್ರಾಮ್ ನಿಷೇಧಿಸಿದೆ, ಸಿಕ್ಕಿಬಿದ್ದರೆ ಕೈಯಲ್ಲಿರುವ ಖಾತೆಯೂ ಹೋಗಬಹುದು.